ಟ್ರೈಲರಿನಲ್ಲಿ ಮನೆಗೆ ಬರುತ್ತಿದ್ದವನು

ಟೆಂಟ್ ಬಸವರಾಜು ಎಂದರೆ ಮಗ್ಗೆಯಿಂದ ಹೊಂಗಡಹಳ್ಳದವರೆಗೆ ಎಲ್ಲರಿಗೂ ಗೊತ್ತು. ಮಗ್ಗೆಯಲ್ಲಿ ಅಪ್ಪ ಇಟ್ಟಿದ್ದ ದಿನಸಿ ಅಂಗಡಿಯನ್ನು ತಮ್ಮನ ತಲೆಗೆ ಕಟ್ಟಿ, ತಾನು ಒಂದು ಹಳೇ ಪ್ರೊಜೆಕ್ಟರು, ಒಂದು ಜನರೇಟರು, ತೇಪೆ ಹಾಕಿದ ಡೇರೆ ಇಷ್ಟನ್ನು ಲಾರಿಗೆ ಹೇರಿಕೊಂಡು ಊರೂರು ತಿರುಗಿದ ಮನುಷ್ಯ. ಮಳೆಗಾಲ ಮುಗಿಯುತ್ತಿದ್ದಂತೆ ಎಲ್ಲಿ ಎಸ್ಟೇಟ್ ಆಳುಗಳ ಲೈನುಮನೆಗಳು ಒತ್ತೊತ್ತಾಗಿವೆಯೋ ಅಲ್ಲಿ ಅವನ ಡೇರೆ ಏಳುತ್ತಿತ್ತು. ಗೇಟಿನಲ್ಲಿ ಟಿಕೆಟ್ ಹರಿಯಲು ಕರಿಯಪ್ಪ, ಯಂತ್ರದ ಹಿಂದೆ ತಾನೇ. ಹೆಂಡತಿ ಜಗದಾಂಬ ಹೊಲಿಗೆ ಯಂತ್ರ ಹೊತ್ತು ಜೊತೆಗೆ ಹೋಗುತ್ತಿದ್ದಳು. ಯಾವ ಊರಿಗೆ ಹೋದರೂ ವಾರದೊಳಗೆ ಅವಳ ಮನೆ ಬಾಗಿಲಲ್ಲಿ ರವಿಕೆ ಬಟ್ಟೆ ಹಿಡಿದ ಹೆಂಗಸರು ನಿಂತಿರುತ್ತಿದ್ದರು.

ಬಸವರಾಜುಗೆ ಒಂದು ಹೆಮ್ಮೆಯಿತ್ತು. ಟ್ರೈಲರ್ ನೋಡಿ ಚಿತ್ರದ ಜಾತಕ ಹೇಳಿಬಿಡುತ್ತೇನೆ ಅನ್ನುವುದು. ಅದು ಸುಮ್ಮನೆ ಬಂದ ವಿದ್ಯೆಯಲ್ಲ. ಶುರುವಿನಲ್ಲಿ ಒಂದು ಟ್ರೈಲರ್ ನೋಡಿ ನಕ್ಕು ನಕ್ಕು ಸುಸ್ತಾಗಿ ಚಿತ್ರ ತಂದ. ಹಾಸ್ಯನಟ ಆ ಚಿತ್ರದಲ್ಲಿದ್ದದ್ದು ಒಂದೇ ದೃಶ್ಯ. ಆ ದೃಶ್ಯವನ್ನೇ ಚೂರು ಚೂರು ಮಾಡಿ ಟ್ರೈಲರಿನ ಉದ್ದಕ್ಕೂ ಉದುರಿಸಿದ್ದರು. ಜನ ಕುರ್ಚಿ ಮುರಿಯಲಿಲ್ಲ, ಯಾಕೆಂದರೆ ಟೆಂಟಿನಲ್ಲಿ ಕುರ್ಚಿ ಇರಲಿಲ್ಲ, ನೆಲವಿತ್ತು. ಅದರ ಬದಲು ಡೇರೆಯ ಹಗ್ಗ ಕೊಯ್ದು ಹೋದರು.

ಆಮೇಲೆ ಅವನು ಹುಷಾರಾದ. ಫಿಲ್ಮ್ ಡಬ್ಬ ತರಲು ಬೆಂಗಳೂರಿನ ಗಾಂಧಿನಗರಕ್ಕೆ ಹೋದಾಗಲೆಲ್ಲ ಒಬ್ಬ ಸಂಕಲನಕಾರನ ಕೋಣೆಯ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಚಿತ್ರ ಇನ್ನೂ ಪೂರ್ತಿ ಆಗಿರುವುದೇ ಇಲ್ಲ, ಆಗಲೇ ಟ್ರೈಲರ್ ಬೇಕು ಎಂದು ಹಂಚಿಕೆದಾರರು ತಲೆ ತಿನ್ನುತ್ತಾರೆ. ಇದ್ದಬದ್ದ ತುಣುಕುಗಳ ರಾಶಿಯಿಂದ ಕಣ್ಣಿಗೆ ಬಡಿಯುವುದನ್ನೆಲ್ಲ ಆಯ್ದು, ಒಂದು ದೃಶ್ಯದ ನೋಟಕ್ಕೆ ಇನ್ನೊಂದು ದೃಶ್ಯದ ಉತ್ತರ ಅಂಟಿಸುತ್ತಾರೆ. ನಾಯಕಿ ಬೆಚ್ಚಿ ನೋಡಿದ್ದು ಕೈಜಾರಿದ ಕಾಫಿ ಲೋಟವನ್ನು, ಟ್ರೈಲರಿನಲ್ಲಿ ಅವಳು ಬೆಚ್ಚುವುದು ಹೆಣವನ್ನು ಕಂಡು. ಎಲ್ಲಕ್ಕೂ ಕೆಳಗೆ ಒಂದೇ ಸಂಗೀತ ಹರಿಸಿದರೆ ಹೊಲಿಗೆ ಕಾಣುವುದಿಲ್ಲ. ಆಮೇಲೆ ಚಿತ್ರವನ್ನು ಕೊನೆಯ ಸಲ ಕತ್ತರಿಸುವಾಗ ಟ್ರೈಲರಿನಲ್ಲಿದ್ದ ಎಷ್ಟೋ ತುಣುಕುಗಳು ಕಸದ ಬುಟ್ಟಿಗೆ ಬೀಳುತ್ತವೆ.

"ನಾನು ಕತೆ ಹೇಳಕ್ ಕೂತಿಲ್ಲ ಮಾರಾಯ, ಮೊದಲ ಶುಕ್ರವಾರ ತುಂಬ್ಸಕ್ ಕೂತಿದೀನಿ" ಎಂದಿದ್ದ ಆ ಸಂಕಲನಕಾರ. ಸುಳ್ಳು ಹೇಳುತ್ತಿದ್ದೇನೆ ಎಂಬ ಭಾವವೇ ಅವನ ಮುಖದಲ್ಲಿರಲಿಲ್ಲ.

ಅಲ್ಲಿಂದ ಬಸವರಾಜು ತನ್ನದೇ ಪದ್ಧತಿ ಮಾಡಿಕೊಂಡ. ಟ್ರೈಲರನ್ನು ಎರಡು ಸಲ ನೋಡುವುದು, ಎರಡನೇ ಸಲ ಕಿವಿಗೆ ಬೆರಳಿಟ್ಟುಕೊಂಡು. ಸದ್ದಿಲ್ಲದೆ ಚಪ್ಪೆಯಾಗುವ ಟ್ರೈಲರಿನ ಹಿಂದೆ ಚಿತ್ರವಿಲ್ಲ, ವಾದ್ಯಗೋಷ್ಠಿ ಮಾತ್ರ ಇದೆ. ಹೊಡೆದಾಟವೆಲ್ಲ ಒಂದೇ ಅಂಗಿಯಲ್ಲಿ ನಡೆದರೆ ಇರುವುದು ಒಂದೇ ಹೊಡೆದಾಟ. ಒಬ್ಬ ಮಾತಾಡಿ ಇನ್ನೊಬ್ಬ ಕೇಳಿಸಿಕೊಳ್ಳುವುದು ಕತ್ತರಿ ಬೀಳದೆ ಒಂದೇ ಚೌಕಟ್ಟಿನಲ್ಲಿ ಕಂಡರೆ, ಅಷ್ಟು ಹೊತ್ತಾದರೂ ನಟನೆ ಇದೆ ಎಂದು ನಂಬಬಹುದು. ಮಾತು ಕೇಳಿಸುವಾಗ ತುಟಿ ಕಾಣದಿದ್ದರೆ ಆ ಮಾತು ಆ ಮುಖದ್ದಲ್ಲ ಎಂದೇ ಹಿಡಿಯಬೇಕು. ಹೀಗೆ ಹೇಳಿಕೊಂಡು ಮೀಸೆ ತಿರುವುತ್ತಿದ್ದ. ಆದರೆ ಆ ವರ್ಷ ಘಾಟಿ ಅಂಚಿನ ದೋಣಿಗಲ್ಲಿಗೆ ಬಂದ ಟ್ರೈಲರಿನ ಮುಂದೆ ಅವನ ಪದ್ಧತಿಯೆಲ್ಲ ಕೈಕೊಟ್ಟಿತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು.

ಜಗದಾಂಬಳಿಗೆ ಒಬ್ಬನೇ ತಮ್ಮ, ಅಭಿಲಾಷ. ತಾಯಿ ಸತ್ತ ಮೇಲೆ ಅಕ್ಕನೇ ಎತ್ತಿ ಆಡಿಸಿದವನು. ದೋಣಿಗಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದ, ಆಳುಗಳ ಹಾಜರಿ ಬರೆಯುವ ಕೆಲಸ. ಅಕ್ಕ ಅವನಿಗೆ ಆಲೂರು ಕಡೆಯ ಹುಡುಗಿಯನ್ನು ಗೊತ್ತು ಮಾಡಿದ್ದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸುಮ್ಮನಿದ್ದದ್ದನ್ನು ಅಕ್ಕ ಒಪ್ಪಿಗೆ ಎಂದುಕೊಂಡಳು. ಆ ಮಳೆಗಾಲ ಬೆಂಗಳೂರಿನಿಂದ ದೆವ್ವದ ಚಿತ್ರವೊಂದರ ತಂಡ ಮಂಜು ಹುಡುಕಿಕೊಂಡು ಬಂದು ಎಸ್ಟೇಟ್ ಬಂಗಲೆಯಲ್ಲಿ ಇಳಿಯಿತು. ಅಭಿಲಾಷ ಅವರಿಗೆ ದಾರಿ ತೋರಿಸುತ್ತ, ಛತ್ರಿ ಹಿಡಿಯುತ್ತ ಓಡಾಡಿಕೊಂಡಿದ್ದ. ತಂಡ ಗಂಟುಮೂಟೆ ಕಟ್ಟಿದ ದಿನವೇ ಅವನೂ ಕಾಣೆಯಾದ. ತಂಡದವರನ್ನು ಕೇಳಿದರೆ ನಮ್ಮ ಜೊತೆ ಬಂದಿಲ್ಲ ಎಂದರು. ಹಳ್ಳ ತುಂಬಿ ಹರಿಯುತ್ತಿತ್ತು. ಪೊಲೀಸರು ಹಳ್ಳದ ಕಡೆ ಕೈತೋರಿಸಿ ಹೋದರು. ಹೆಣ ಸಿಗಲಿಲ್ಲ.

ಮುಂದಿನ ಸುಗ್ಗಿಗೆ ಬಸವರಾಜು ಟೆಂಟನ್ನು ದೋಣಿಗಲ್ಲಿಗೇ ತಂದ. ತರಬೇಕು ಎಂದು ಹಟ ಹಿಡಿದವಳು ಜಗದಾಂಬ. ಡೇರೆ ಎದ್ದ ವಾರವೇ ಬಸ್ಸಿನಲ್ಲಿ ಡಬ್ಬಗಳ ಜೊತೆ ಆ ದೆವ್ವದ ಚಿತ್ರದ ಟ್ರೈಲರ್ ಬಂತು, ಚಿತ್ರ ಆಮೇಲೆ ಬರುತ್ತದೆ ಎಂಬ ಚೀಟಿಯೊಂದಿಗೆ.

ಮೊದಲ ಆಟದಲ್ಲೇ ಹಾಕಿದ. ಪಾಳು ಬಂಗಲೆ, ಕಿರುಚಾಟ, ತೂಗುವ ದೀಪ. ನಾಯಕಿ ಬಾಗಿಲಲ್ಲಿ ನಿಂತು ಬಲಕ್ಕೆ ನೋಡುತ್ತಾಳೆ. ಮಂಜು. ಮಂಜಿನ ಒಳಗಿಂದ ಒಬ್ಬ ಮನುಷ್ಯ, ಹೆಗಲಿಗೆ ಚೀಲ, ಮುಖ ತುಸು ಎಡಕ್ಕೆ ಹೊರಳಿಸಿ, ರಸ್ತೆಯ ನಡುವೆ ನಮ್ಮ ಕಡೆಗೇ ನಡೆದು ಬರುತ್ತಿದ್ದಾನೆ. ಮೇಲಿಂದ ಗಂಡು ದನಿಯೊಂದು ಹೇಳುತ್ತದೆ: "ಬಾಗಿಲು ತೆಗಿ. ಬಂದಿದೀನಿ." ಅಷ್ಟೇ. ಮತ್ತೆ ಕಿರುಚಾಟ.

ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು. ಅದು ಪರದೆಯದಲ್ಲ, ಜಗದಾಂಬಳದು.

"ರೈಟ್ರು! ನಮ್ ರೈಟ್ರು ಕಣ್ರೋ!" ಎಂದರು ಲೈನಿನ ಆಳುಗಳು. ಮೊದಲ ದಿನ ಶಿಳ್ಳೆ ಹೊಡೆದರು. ಎರಡನೇ ದಿನ ಶಿಳ್ಳೆ ಕಡಿಮೆಯಾಯಿತು. ಆಮೇಲೆ ಆ ತುಣುಕು ಬಂದಾಗ ಡೇರೆಯೊಳಗೆ ಕೆಮ್ಮು ಸಹ ಕೇಳಿಸುತ್ತಿರಲಿಲ್ಲ. ಹೊರಗಿನ ಮಂಜು ಡೇರೆಯ ಕೆಳಗಿನಿಂದ ನುಸುಳಿ ಪರದೆಯ ಬುಡದಲ್ಲಿ ನಿಲ್ಲುತ್ತಿತ್ತು, ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು, ಅಭಿಲಾಷನ ಎದೆ ಉಸಿರಾಡಿದ ಹಾಗೆ ಕಾಣುತ್ತಿತ್ತು. ತಾಯಂದಿರು ಮಕ್ಕಳ ಕಣ್ಣಿಗೆ ಸೆರಗು ಮುಚ್ಚುತ್ತಿದ್ದರು. ಆದರೂ ಅದನ್ನು ನೋಡಲೆಂದೇ ಹೊಂಗಡಹಳ್ಳದಿಂದ ಜೀಪು ಮಾಡಿಕೊಂಡು ಜನ ಬಂದರು. ಹೆದರಿಕೆಗೆ ದುಡ್ಡು ಕೊಡುವ ನಮ್ಮ ಜನದ ಚಾಳಿ ಇಂದಿನದಲ್ಲ.

ಲೈನಿನ ಮಾದೇವಮ್ಮ ಹಣ್ಣು ಹಣ್ಣು ಮುದುಕಿ, ದಿನಾ ಮುಂದಿನ ಸಾಲಿನಲ್ಲಿ ಕೂರುವವಳು. ಒಂದು ಸಂಜೆ ಅವಳು ಪ್ರೊಜೆಕ್ಟರ್ ಯಂತ್ರದ ಗುಡಿಸಲಿನ ಬಳಿ ಬಂದು ಮೆಲ್ಲಗೆ ಹೇಳಿದಳು: "ಬಸ್ರಾಜಪ್ಪ, ಆ ಹುಡ್ಗ ದಿನಾ ಒಂದೆಜ್ಜೆ ಹತ್ರ ಬತ್ತಾವ್ನೆ. ಮೊದ್ಲು ಮಂಜ್ನಾಗೆ ಬರೀ ನೆಳ್ಳಾಗಿದ್ದ. ಈಗ ಸುರುವಾಗ್ತಿದ್ದಂಗೇ ಮೊಕ ಕಾಣ್ತೈತೆ."

ಬಸವರಾಜುಗೆ ಕಾರಣ ಗೊತ್ತಿತ್ತು. ಹಳೇ ಯಂತ್ರದ ಹಲ್ಲಿಗೆ ಸಿಕ್ಕಿ ಆ ತುಣುಕಿನ ತಲೆಯಲ್ಲೇ ಫಿಲ್ಮ್ ಮತ್ತೆ ಮತ್ತೆ ತುಂಡಾಗುತ್ತಿತ್ತು. ಪ್ರತಿ ಸಲ ಅಂಟಿಸುವಾಗ ಹರಿದ ಚೌಕಗಳನ್ನು ಕತ್ತರಿಸಿ ಬಿಸಾಡಬೇಕು. ಹಾಗೆ ಶುರುವಿನ ಹೆಜ್ಜೆಗಳೇ ಒಂದೊಂದಾಗಿ ಕಳೆದುಹೋಗಿದ್ದವು. ಗೊತ್ತಿದ್ದೂ ಆ ದಿನ ಅವನು ತನ್ನ ಕಾಲಬುಡದಲ್ಲಿ ಬಿದ್ದಿದ್ದ ಚೂರುಗಳನ್ನು ತುಳಿಯದೆ ದಾಟಿ ಹೋದ.

ಜಗದಾಂಬ ಅಳುವುದನ್ನು ನಿಲ್ಲಿಸಿದ್ದಳು. ಅದೇ ಅವನಿಗೆ ಹೆಚ್ಚು ಭಯ. ತಮ್ಮನ ತಿಥಿ ಮಾಡೋಣ ಎಂದು ಮಗ್ಗೆಯಿಂದ ಗಂಡನ ಮನೆಯವರು ಹೇಳಿಕಳಿಸಿದ್ದಕ್ಕೆ, "ಬರೋ ದಾರೀಲಿರೋನಿಗೆ ಎಂಥಾ ತಿಥಿ?" ಎಂದು ಬಿಟ್ಟಳು. ಮನೆಯ ಮುಂಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಳು. ಸಂಜೆಯಾದರೆ ಟಾರ್ಚು ಹಿಡಿದು ಎಸ್ಟೇಟ್ ರಸ್ತೆಯ ತಿರುವಿಗೆ ಹೋಗಿ ನಿಲ್ಲತೊಡಗಿದಳು.

"ಪರದೇಲಿ ಕಾಣೋದು ಇದೇ ತಿರ್ವು ಕಣ್ರೀ" ಎಂದಳು ಗಂಡನಿಗೆ. "ಗುಡ್ಡ ಅವ್ನ ಎಡಗೈಗೈತೆ, ಕಣಿವೆ ಬಲಗೈಗೈತೆ. ಹೆದ್ದಾರಿಯಿಂದ ಮೇಲಕ್ಕೆ ಬರೋರಿಗೆ ತಾನೇ ಹಂಗಿರೋದು? ಅವ್ನು ಮನಿಗೆ ಬತ್ತಾವ್ನೆ."

ಬೆಂಗಳೂರಿನವನಾಗಿದ್ದರೆ ಇದನ್ನು ಗಮನಿಸುತ್ತಲೇ ಇರಲಿಲ್ಲ. ಘಾಟಿಯಲ್ಲಿ ಬೆಳೆದವರಿಗೆ ಮಂಜಿನಲ್ಲಿ ದಾರಿ ಹೇಳುವುದು ಗುಡ್ಡ ಯಾವ ಕೈಗಿದೆ ಎಂಬುದೊಂದೇ. ಆ ತಿರುವಿನಲ್ಲಿ ರಸ್ತೆ ಮಟ್ಟಸ, ಏರೋ ಇಳಿಜಾರೋ ಚಿತ್ರದಲ್ಲಿ ತಿಳಿಯುವಂತಿಲ್ಲ. ಬಸವರಾಜು ನೋಡಿದ, ಒಪ್ಪಿದ. ಅವಳು ಹೇಳಿದ್ದು ಸರಿ, ಪರದೆಯ ಮೇಲೆ ಅವನು ಬರುತ್ತಿದ್ದ.

ಹಾಗಿರುವಾಗ ಒಂದು ಮುಸ್ಸಂಜೆ ಮರದ ಲಾರಿಯೊಂದು ಅವಳನ್ನು ಒರಸಿಕೊಂಡೇ ಹೋಯಿತು. ಅವಳ ಶಾಲು ಲಾರಿಯ ಕೊಕ್ಕೆಗೆ ಸಿಕ್ಕಿ ಹರಿಯಿತು. ಡ್ರೈವರ್ ಇಳಿದು ಬಂದು ಟೆಂಟಿಗೆ ಕರೆತಂದು ಬಿಟ್ಟ. "ಹಾರನ್ ಹೊಡುದ್ರೂ ಕದಲ್ನಿಲ್ಲ ಸ್ವಾಮಿ, ರಸ್ತೆ ಮಧ್ಯ ನಗ್ತಾ ನಿಂತಿದ್ರು" ಎಂದ. ಬಸವರಾಜು ಅವತ್ತು ಕೈಮುಗಿದು ಬೇಡಿಕೊಂಡ, ಬೈದ, ಟ್ರೈಲರನ್ನು ಸುಟ್ಟುಬಿಡುತ್ತೇನೆ ಎಂದ. "ಸುಟ್ರೆ ಅವ್ನು ದಾರೀಲೇ ಸುಟ್ಟೋಯ್ತಾನೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವನು ಕಡ್ಡಿಪೆಟ್ಟಿಗೆ ಕೆಳಗಿಟ್ಟ.

ಚಿತ್ರ ಬರಲಿ, ಎಲ್ಲ ಸರಿಹೋಗುತ್ತದೆ ಎಂದು ಅವನು ಕಾದ. ಚಿತ್ರ ಬಂತು. ಮೊದಲಿಂದ ಕೊನೆಯವರೆಗೆ ಜಗದಾಂಬ ರೆಪ್ಪೆ ಬಡಿಯದೆ ಕೂತಳು. ಅಭಿಲಾಷ ಬರಲೇ ಇಲ್ಲ. ಮಂಜಿನ ರಸ್ತೆಯೂ ಇಲ್ಲ. "ಬಾಗಿಲು ತೆಗಿ, ಬಂದಿದೀನಿ" ಎಂಬ ಮಾತಿತ್ತು, ಅದನ್ನು ನಾಯಕ ಕುಡಿದು ಬಂದು ತನ್ನ ಅತ್ತೆಗೆ ಹೇಳುತ್ತಾನೆ, ತಮಾಷೆಯ ದೃಶ್ಯ. ಜನ ಬೈದುಕೊಂಡು ಎದ್ದರು.

"ನೋಡ್ದಾ? ಟ್ರೈಲರ್ ಮೊದ್ಲು ಮಾಡಿರ್ತಾರೆ ಕಣೇ" ಎಂದು ಮರುದಿನ ಬೆಳಿಗ್ಗೆ ಬಸವರಾಜು ಬಿಡಿಸಿ ಹೇಳಿದ. "ಆಮ್ಯಾಕೆ ಪಿಚ್ಚರ್ನಾಗೆ ಆ ತುಂಡು ಬ್ಯಾಡ ಅಂತ ಕಿತ್ತಾಕ್ಬುಟ್ಟವ್ರೆ. ದನಿಯೂ ಅವಂದಲ್ಲ. ಅವ್ನ ತುಟಿ ಅಲ್ಲಾಡಿದ್ದ ನೋಡಿದ್ಯಾ? ಬೇರೆ ಕಡೆಯಿಂದ ತಂದು ಅಂಟ್ಸವ್ರೆ."

"ಪಿಚ್ಚರೊಳಗೆ ಇಲ್ಲ ಅಂದ್ರೆ ಅವ್ನು ಅದ್ರಿಂದ ಆಚಿಗೆ ಬಂದವ್ನೆ ಅಂತ ತಾನೆ?" ಎಂದಳು ಜಗದಾಂಬ.

ಪಾಪ, ಇಷ್ಟು ವರ್ಷ ಊರಿಗೆಲ್ಲ ಟ್ರೈಲರಿನ ಜಾತಕ ಹೇಳಿದವನ ವಿದ್ಯೆ ತನ್ನ ಮನೆಯವಳ ಮುಂದೆ ನಡೆಯಲಿಲ್ಲ.

ಅವಳೇ ಮುಂದುವರಿಸಿದಳು. "ಒಂದೇ ಒಂದು ಹೆದ್ರಿಕೆ ನಂಗೆ. ಬರೋದು ಅವ್ನೋ, ಅವ್ನ ಪ್ರೇತವೋ ಅಂತ. ಮಾದೇವಮ್ಮನ್ನ ಕೇಳ್ದೆ. ಸತ್ತೋರ್ಗೆ ನಮ್ಮ ಎಡ ಬಲ ಆಯ್ತದೆ, ಬಲ ಎಡ ಆಯ್ತದೆ ಅಂದ್ರು. ಅವ್ನ ಜೇಬು ನೋಡಿದ್ರಾ?"

"ಯಾವ್ ಜೇಬೇ?"

"ಆ ಅಂಗಿ ನಾನೇ ಹೊಲ್ದಿದ್ದು. ಎಡಗಡೆ ಜೇಬು ಮಡ್ಗಿದ್ದೆ. ಅಲ್ಲಿ ಬಲಗಡೆಗೈತೆ. ಗುಂಡಿ ಪಟ್ಟೀನೂ ಹೆಂಗಸ್ರ ರವಿಕೆ ಥರಾ ತಿರುಗ್ಬುಟೈತೆ."

ಬಸವರಾಜು ಎದ್ದು ನಿಂತ. ಒಂದು ಕ್ಷಣ ಅವನಿಗೂ ಮಾದೇವಮ್ಮನ ಮಾತೇ ನಿಜವೆನಿಸಿತು. ಮರುಕ್ಷಣ ಗಾಂಧಿನಗರದ ಆ ಕೋಣೆ ನೆನಪಾಯಿತು. ಅಲ್ಲಿ ಸಂಕಲನಕಾರ ಒಂದು ತುಣುಕನ್ನು ಬೆರಳಲ್ಲಿ ಹಿಡಿದು ದೋಸೆಯ ಹಾಗೆ ಮಗುಚಿ ಹಾಕಿದ್ದ. ಬಾಗಿಲಲ್ಲಿ ನಿಂತವಳು ಬಲಕ್ಕೆ ನೋಡಿದರೆ, ಅವಳ ಕಡೆಗೆ ಬರುವವನು ಎಡಕ್ಕೆ ಮುಖ ಮಾಡಿರಬೇಕು. ಇಲ್ಲವಾದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದಂತೆ ಪ್ರೇಕ್ಷಕನಿಗೆ ಅನಿಸುವುದಿಲ್ಲ. ತೆಗೆದ ತುಣುಕು ಹಾಗಿಲ್ಲದಿದ್ದರೆ ಲ್ಯಾಬಿನಲ್ಲಿ ಅದೊಂದನ್ನೇ ಮಗುಚಿ ಪ್ರಿಂಟ್ ಹಾಕಿಸುತ್ತಾರೆ, ಕನ್ನಡಿಯಲ್ಲಿ ಕಂಡಂತೆ. ಅಂಗಡಿ ಬೋರ್ಡು, ಗೋಡೆಯ ಮೇಲೆ ಅಕ್ಷರ ಏನೂ ಇಲ್ಲದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜೇಬು ಹೊಲಿದವಳ ಕಣ್ಣಿಗೆ ಬಿತ್ತು.

ಅವನು ಯಂತ್ರದ ಗುಡಿಸಲಿಗೆ ಓಡಿ ಟ್ರೈಲರಿನ ಸುರುಳಿ ಬಿಚ್ಚಿ ಬಿಸಿಲಿಗೆ ಹಿಡಿದ. ಚಿತ್ರದ ಹೆಸರಿನ ಅಕ್ಷರಗಳು ನೆಟ್ಟಗಿದ್ದವು, ಬಂಗಲೆಯ ಗೋಡೆ ಗಡಿಯಾರ ನೆಟ್ಟಗಿತ್ತು. ಅಭಿಲಾಷನ ಚೌಕಗಳಲ್ಲಿ ಮಾತ್ರ ಜೇಬು ಬಲಕ್ಕೆ. ಫಿಲ್ಮನ್ನು ತಿರುಗಿಸಿ ಹಿಂಬದಿಯಿಂದ ನೋಡಿದ. ಜೇಬು ಎಡಕ್ಕೆ ಬಂತು. ಜೊತೆಗೇ ಇನ್ನೊಂದೂ ತಿರುಗಿತು. ಅದನ್ನು ಕಂಡು ಅವನು ಸುರುಳಿ ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತ. ಹೇಳಬೇಕೋ ಬೇಡವೋ ಎಂದು ಅವನು ಬಹಳ ಹೊತ್ತು ಒದ್ದಾಡಿದ. ಹೇಳದಿದ್ದರೆ ಇನ್ನೊಂದು ಲಾರಿ ಬರುತ್ತದೆ.

ಸಂಜೆಯ ಆಟಕ್ಕೆ ಮುಂಚೆ, ಡೇರೆಯ ಬದಿಯ ಬಟ್ಟೆಗಳನ್ನೆಲ್ಲ ಇಳಿಬಿಟ್ಟು, ಕರಿಯಪ್ಪನನ್ನು ಹೊರಗೆ ನಿಲ್ಲಿಸಿ, ಜಗದಾಂಬಳನ್ನು ಒಬ್ಬಳನ್ನೇ ನೆಲದ ಮೇಲೆ ಕೂರಿಸಿದ. ಫಿಲ್ಮನ್ನು ಒಳಮೈ ಹೊರಗಾಗುವಂತೆ ಮಗುಚಿ ಯಂತ್ರಕ್ಕೆ ಹೂಡಿದ. ಹಾಗೆ ಹೂಡಿದರೆ ಅಂಚಿನಲ್ಲಿರುವ ದನಿಯ ಪಟ್ಟಿ ಅದನ್ನು ಓದುವ ದೀಪದ ಎದುರಿಗೆ ಬರುವುದಿಲ್ಲ, ಮಾತು ಹೊರಡುವುದಿಲ್ಲ. ಬದಲಿಗೆ ಆ ಪಟ್ಟಿ ಚಿತ್ರದ ಜೊತೆ ಪರದೆಯ ಮೇಲೆಯೇ ಬೀಳುತ್ತದೆ. ಅವನು ಸ್ಪೀಕರ್ ಆರಿಸಿ, ದೀಪ ಹೊತ್ತಿಸಿದ.

ಯಂತ್ರದ ಗಿರಗಿರ ಬಿಟ್ಟು ಇನ್ನೇನೂ ಸದ್ದಿಲ್ಲ. ಅಕ್ಷರಗಳು ತಿರುಗುಮುರುಗಾಗಿ ಬಂದವು. ಬಂಗಲೆಯ ಗಡಿಯಾರ ಹಿಂದಕ್ಕೆ ಓಡಿತು. ಬಾಯಿ ತೆರೆದು ಕಿರುಚುವ ಮುಖಗಳಿಗೆ ದನಿಯಿರಲಿಲ್ಲ. ಪರದೆಯ ಒಂದು ಅಂಚಿನಲ್ಲಿ ಬಿಳಿ ಗೆರೆಯೊಂದು ಮಾತ್ರ ಹಾವಿನಂತೆ ಹೊರಳುತ್ತಿತ್ತು, ಕೇಳಿಸದ ದನಿ ಕಣ್ಣಿಗೆ ಕಾಣುತ್ತಿತ್ತು. ಎಲ್ಲವೂ ತಲೆಕೆಳಗಾದ ಆ ಜಗತ್ತಿನೊಳಗೆ ಅಭಿಲಾಷ ಒಬ್ಬನೇ ಸರಿಯಾಗಿ ನಡೆದು ಬಂದ. ಜೇಬು ಎಡಕ್ಕಿತ್ತು.

ಬಸವರಾಜು ಗುಡಿಸಲ ಕಿಂಡಿಯಿಂದ ಕೂಗಿ ಕೇಳಿದ: "ನೋಡೇ. ಗುಡ್ಡ ಯಾವ ಕೈಗೈತೆ?"

ಗುಡ್ಡ ಅವನ ಬಲಗೈಗಿತ್ತು. ಕಣಿವೆ ಎಡಗೈಗಿತ್ತು. ಇದ್ದದ್ದು ಅದೇ ತಿರುವು, ಅದೇ ಚೀಲ, ಅದೇ ನಿಧಾನದ ನಡಿಗೆ. ಅವನು ಇಳಿದು ಹೋಗುತ್ತಿದ್ದ. ಹೆದ್ದಾರಿಯ ಕಡೆಗೆ, ಮಂಗಳೂರಿನ ಬಸ್ಸು ನಿಲ್ಲುವ ಕಡೆಗೆ. ಹೊರಡುತ್ತಿದ್ದ ತಂಡದವರು ಯಾರೋ ಮಂಜು ಚೆನ್ನಾಗಿದೆ ಎಂದು ಸುಮ್ಮನೆ ಕ್ಯಾಮರಾ ತಿರುಗಿಸಿರಬೇಕು, ಅದರ ಮುಂದೆ ಇವನು ನಿಜವಾಗಿ ಮನೆ ಬಿಟ್ಟು ಹೊರಟಿದ್ದ.

ಸುರುಳಿ ಮುಗಿದು ಪರದೆ ಬರೀ ಬೆಳಕಾಯಿತು. ಬಸವರಾಜು ಇಳಿದು ಬಂದು ಪಕ್ಕದಲ್ಲಿ ಕೂತ.

"ಹಳ್ಳ ಆ ಕಡೆ ಇಲ್ಲ ಅಲ್ವಾ?" ಎಂದಳು ಅವಳು.

"ಇಲ್ಲ ಕಣೇ."

"ಚೀಲ ತಕ್ಕಂಡವ್ನೆ. ಸಾಯಕ್ ಹೋಗೋರು ಚೀಲ ತಕ್ಕಳಲ್ಲ."

"ಹೂಂ."

ಆಗ ಅವಳು ಅತ್ತಳು. "ಸತ್ತಿದ್ರೆ ಅಳ್ತಿದ್ದೆ. ಬಂದಿದ್ರೆ ಅನ್ನ ಇಕ್ತಿದ್ದೆ. ನನ್ ಬುಟ್ಟು ಹೋಗವ್ನೆ ಅಂದ್ರೆ ಏನ್ ಮಾಡ್ಲಿ ನಾನು? ಮದ್ವೆ ಬ್ಯಾಡ ಕಣಕ್ಕ ಅಂದಿದ್ರೆ ಆ ಆಲೂರು ಹುಡ್ಗಿ ಮನೇರ್ಗೆ ನಾನೇ ಹೇಳ್ತಿರ್ನಿಲ್ವಾ?" ಹೊರಗೆ ಟಿಕೆಟಿಗೆ ಜನ ಸೇರುವ ಗದ್ದಲ ಕೇಳುತ್ತಿತ್ತು. ಬಸವರಾಜು ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತೇ ಇದ್ದ.

ಅವನು ಆ ತುಣುಕನ್ನು ಕಿತ್ತು ತೆಗೆಯಲು ಎದ್ದಾಗ ಅವಳು ತಡೆದಳು. "ಇವತ್ತೊಂದಿನ ಹಾಕಿ" ಎಂದಳು. "ನೆಟ್ಟಗೇ ಹಾಕಿ, ಎಲ್ರೂ ನೋಡೋ ಹಂಗೆ."

ಡೇರೆ ತುಂಬಿತು. ದೀಪ ಆರಿತು. ಬಾಗಿಲಲ್ಲಿ ನಿಂತ ನಾಯಕಿ ಬಲಕ್ಕೆ ನೋಡಿದಳು. ಮಂಜು ಬಂತು. ಹರಿದು ಹರಿದು ಗಿಡ್ಡವಾಗಿದ್ದ ಆ ತುಣುಕಿನಲ್ಲಿ ಅಭಿಲಾಷ ಬಹಳ ಹತ್ತಿರಕ್ಕೆ ಬಂದುಬಿಟ್ಟಿದ್ದ. "ಬಾಗಿಲು ತೆಗಿ. ಬಂದಿದೀನಿ." ಹೆಂಗಸರು ಸೆರಗು ಬಿಗಿಹಿಡಿದರು. "ಬಂದ, ಬಂದ" ಎಂಬ ಪಿಸುದನಿ ಸಾಲಿನಿಂದ ಸಾಲಿಗೆ ಹರಿಯಿತು. ಮಾದೇವಮ್ಮ ಕಣ್ಣು ಮುಚ್ಚಿಕೊಂಡಳು.

ಅಷ್ಟು ಜನರ ನಡುವೆ ಜಗದಾಂಬ ಒಬ್ಬಳೇ ಎದ್ದು ನಿಂತಳು. ಬಸ್ ಸ್ಟ್ಯಾಂಡಿನಲ್ಲಿ ತಮ್ಮನನ್ನು ಕಳಿಸಿಕೊಡಲು ಬಂದವಳಂತೆ ಕೈ ಎತ್ತಿದಳು.

"ಹೋಗ್ಬಾರಪ್ಪ" ಎಂದಳು.